ಕಿದ್ವಾಯಿಗೆ ಹೋಗಿಬರುತ್ತಿರುವ ಗೆಳೆಯನಿಗೆ ಏನು ಒಯ್ಯಬೇಕು?

ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ವಾಡಿಕೆ. ದೊಡ್ಡಬಳ್ಳಾಪುರವಾಗಲಿ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲವಾಗಲಿ, ಹೊರಡುವ ಮುಂಚೆ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಅರ್ಧ ಡಜನ್ ಮೂಸಂಬಿ, ಒಂದು ಪೊಟ್ಟಣ ಬ್ರೆಡ್ಡು, ಒಂದು ಡಬ್ಬ ಹಾರ್ಲಿಕ್ಸ್ ಕೊಂಡುಕೊಳ್ಳುತ್ತೇವೆ. ಜ್ವರದವನಿಗೆ, ಕಾಲು ಮುರಿದವನಿಗೆ ಇದು ಸರಿಯೇ. ಆದರೆ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಗೆಳೆಯನ ಮನೆಗೆ ಇದೇ ಚೀಲ ಹಿಡಿದು ಹೋದರೆ ಮೂಸಂಬಿ ಅವನ ಬಾಯನ್ನು ಉರಿಸುತ್ತದೆ, ಬ್ರೆಡ್ಡು ಗಂಟಲಲ್ಲಿ ಇಳಿಯುವುದಿಲ್ಲ, ಬಂದ ನಮಗೆ ಕಾಫಿ ಕಾಸಲು ಅವನ ಹೆಂಡತಿ ಒಲೆಯ ಮುಂದೆ ನಿಲ್ಲಬೇಕಾಗುತ್ತದೆ. ಕೊಟ್ಟವರಿಗೆ ಸಮಾಧಾನ, ತೆಗೆದುಕೊಂಡವರಿಗೆ ಕೆಲಸ. ಹೀಗಾಗದಂತೆ ಏನು ಒಯ್ಯಬಹುದು, ಯಾವಾಗ ಒಯ್ಯಬಹುದು ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಬಾಯಿಯ ಕ್ಯಾನ್ಸರನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಅದು ನಮ್ಮ ಬೆಳೆಗೆ ಸಂಬಂಧಪಟ್ಟ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಹೇಳಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬೆಳೆಯುವ ನಾವು ಇದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಜಗಲಿಯ ಮೇಲೆ ನಮ್ಮ ಪಕ್ಕದಲ್ಲೇ ಕೂತು, ನಮ್ಮದೇ ಸಂಚಿಯಿಂದ ಅಡಿಕೆ ಹಾಕಿಕೊಂಡವನೇ ನಾಳೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರಬಹುದು.

ಆರು ವಾರದ ಲೆಕ್ಕ

ಉಡುಗೊರೆ ಆರಿಸುವ ಮೊದಲು ಚಿಕಿತ್ಸೆ ಹೇಗೆ ನಡೆಯುತ್ತದೆಂದು ತಿಳಿದಿರಬೇಕು. ನಮ್ಮ ಜಿಲ್ಲೆಯ ಬಹುಪಾಲು ಜನ ಹೋಗುವುದು ಬೆಂಗಳೂರಿನ ಹೊಸೂರು ರಸ್ತೆಯ ಬಳಿಯಿರುವ ಕಿದ್ವಾಯಿ ಆಸ್ಪತ್ರೆಗೆ. ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಸಂಸ್ಥೆಯಿದು.

ದೊಡ್ಡಬಳ್ಳಾಪುರದ ಸುತ್ತಿನ ಒಬ್ಬ ಬೆಳೆಗಾರರೆಂದು ಇಟ್ಟುಕೊಳ್ಳೋಣ. ವಯಸ್ಸು ಐವತ್ತೆರಡು, ಎರಡೆಕರೆ ಅಡಿಕೆ, ನಡುವೆ ನಾಲ್ಕು ಸಾಲು ಕಾಫಿ. ಎಡಗೆನ್ನೆಯ ಒಳಗಿನ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದಾರೆ. ಗಾಯ ಮಾಗಿದ ಮೇಲೆ ವಿಕಿರಣ ಚಿಕಿತ್ಸೆ, ಅಂದರೆ ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುತ್ತಾರಲ್ಲ, ಅದು. ಇಂಥವರಿಗೆ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಮೂವತ್ತು ಸಲ ಕೊಡುತ್ತಾರೆ. ಅಲ್ಲಿಗೆ ಆರು ವಾರ. ಕೆಲವರಿಗೆ ಇದರ ಜತೆಗೆ ಕಿಮೋಥೆರಪಿ ಔಷಧಿಯನ್ನೂ ನರಕ್ಕೆ ಏರಿಸುತ್ತಾರೆ.

ಮೊದಲ ವಾರ ಹೆಚ್ಚೇನೂ ತೋರುವುದಿಲ್ಲ. ಎರಡು, ಮೂರನೆಯ ವಾರದ ಹೊತ್ತಿಗೆ ಬಾಯೊಳಗೆ ಹುಣ್ಣು ಏಳುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ನಾಲಗೆಗೆ ರುಚಿ ಹೋಗುತ್ತದೆ. ಕತ್ತಿನ ಚರ್ಮ ಬಿಸಿಲಿಗೆ ಸುಟ್ಟಂತೆ ಕೆಂಪಾಗಿ, ಆಮೇಲೆ ಕಪ್ಪಾಗಿ ಸುಲಿಯುತ್ತದೆ. ನೋವು ದಿನೇದಿನೇ ಏರಿ ಐದು, ಆರನೆಯ ವಾರದಲ್ಲಿ ಬಹಳವಾಗುತ್ತದೆ. ಚಿಕಿತ್ಸೆ ಮುಗಿದೊಡನೆ ಅದು ಇಳಿಯುವುದಿಲ್ಲ. ಮುಗಿದ ಮೇಲೂ ಒಂದೆರಡು ವಾರ ಹಾಗೇ ಇದ್ದು ಆಮೇಲೆ ನಿಧಾನವಾಗಿ ಮಾಗತೊಡಗುತ್ತದೆ. ರುಚಿ ಮರಳಲು ತಿಂಗಳುಗಳೇ ಬೇಕು. ಬಾಯಿ ಒಣಗುವುದು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ನೆಂಟರಿಷ್ಟರು ಬರುವುದು ಯಾವಾಗ ನೋಡಿ. ಸುದ್ದಿ ತಿಳಿದ ವಾರ ಮನೆ ತುಂಬ ಜನ. ಐದನೆಯ ವಾರದ ಹೊತ್ತಿಗೆ ಅಂಗಳ ಖಾಲಿ. ಚಿಕಿತ್ಸೆ ಮುಗಿದ ದಿನ ‘ಮುಗೀತಲ್ಲ, ಇನ್ನೇನು’ ಎಂದು ಫೋನು ಮಾಡಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ಅವನು ಅತ್ಯಂತ ನೋವಿನಲ್ಲಿರುವ ಹೊತ್ತೇ ಅದು. ಆದ್ದರಿಂದ ಮೊದಲ ಮಾತು ಇಷ್ಟೇ: ಮೊದಲ ವಾರದ ಗುಂಪಿನಲ್ಲಿ ಸೇರಬೇಡಿ. ಕ್ಯಾಲೆಂಡರಿನಲ್ಲಿ ನಾಲ್ಕನೆಯ ವಾರದಿಂದ ಎಂಟನೆಯ ವಾರದವರೆಗೆ ಗುರುತು ಹಾಕಿಕೊಂಡು, ನಿಮ್ಮ ಕೈಲಾದದ್ದನ್ನು ಆಗ ಕೊಡಿ.

ದಾರಿಯೇ ದೊಡ್ಡ ಉಡುಗೊರೆ

ಒಂದು ಸಲ ಕರೆಂಟು ಕೊಡಲು ಮೇಜಿನ ಮೇಲೆ ಮಲಗಿರಬೇಕಾದ ಹೊತ್ತು ಕೆಲವೇ ನಿಮಿಷ. ಆದರೆ ಅದಕ್ಕಾಗಿ ದೊಡ್ಡಬಳ್ಳಾಪುರದಿಂದ ನಲವತ್ತು ಕಿಲೋಮೀಟರ್ ಬಂದು, ಯಲಹಂಕ, ಹೆಬ್ಬಾಳ ದಾಟಿ, ಊರಿನ ಉತ್ತರದ ತುದಿಯಿಂದ ದಕ್ಷಿಣಕ್ಕೆ ಹಾಯಬೇಕು. ಸರದಿಯಲ್ಲಿ ಕಾಯಬೇಕು. ಮತ್ತೆ ಅಷ್ಟೇ ದಾರಿ ಹಿಂತಿರುಗಬೇಕು. ಹೀಗೆ ಮೂವತ್ತು ದಿನ. ಬಾಯಲ್ಲಿ ಹುಣ್ಣು, ಹೊಟ್ಟೆಯಲ್ಲಿ ಸಂಕಟವಿಟ್ಟುಕೊಂಡು ಎರಡು ಬಸ್ಸು ಬದಲಿಸುವವನಿಗೆ ಹಣ್ಣಿನ ಬುಟ್ಟಿಗಿಂತ ಗಾಡಿಯ ಒಂದು ಸೀಟು ಹೆಚ್ಚಿನದು.

ಇದನ್ನು ಒಬ್ಬರೇ ಹೊರಲಾಗುವುದಿಲ್ಲ, ಹಂಚಿಕೊಂಡರೆ ಹಗುರ. ಐದು ಜನ ಗೆಳೆಯರು ಸೇರಿ ವಾರದ ಒಂದೊಂದು ದಿನವನ್ನು ಹಿಡಿದುಕೊಳ್ಳಿ. ಸೋಮವಾರ ಒಬ್ಬರದು, ಮಂಗಳವಾರ ಮತ್ತೊಬ್ಬರದು. ಆಗ ಒಬ್ಬೊಬ್ಬರಿಗೆ ಬರುವುದು ಆರೇ ಸರದಿ. ಯಾರಿಗಾದರೂ ಅಡಚಣೆಯಾದರೆ ಅವರವರಲ್ಲೇ ಬದಲಾಯಿಸಿಕೊಳ್ಳಬೇಕು. ‘ನಾಳೆ ಯಾರು ಬರ್ತಾರೆ?’ ಎಂದು ರೋಗಿಯ ಮನೆಯವರು ರಾತ್ರಿ ಹತ್ತು ಕಡೆ ಫೋನು ಮಾಡುವಂತಾದರೆ ಉಡುಗೊರೆ ಅಲ್ಲಿಗೆ ಕೆಟ್ಟಿತು. ಐವರಲ್ಲಿ ಒಬ್ಬರು ಪಟ್ಟಿ ಬರೆದು ಮನೆಯ ಗೋಡೆಗೆ ಅಂಟಿಸಿ ಬರಲಿ.

ಗಾಡಿಯಲ್ಲಿ ಅತ್ತರು, ಊದುಬತ್ತಿ, ಡ್ಯಾಶ್‌ಬೋರ್ಡಿನ ಸುವಾಸನೆ ಡಬ್ಬಿ ಇದ್ದರೆ ತೆಗೆದಿಡಿ. ಕಿಮೋಥೆರಪಿಯಾದವನಿಗೆ ವಾಸನೆಯೇ ವಾಂತಿ ತರಿಸುತ್ತದೆ. ಕತ್ತಿಗೆ ಆನಿಸಿಕೊಳ್ಳಲು ಮೆತ್ತನೆಯ ದಿಂಬು, ಮುಚ್ಚಳವಿರುವ ಒಂದು ಸಣ್ಣ ಬಕೆಟ್ಟು, ಗುಟುಕು ಗುಟುಕಾಗಿ ಕುಡಿಯಲು ನೀರಿನ ಬಾಟಲಿ, ಒಂದು ಟವಲು ಇರಲಿ. ಹಂಪುಗಳ ಮೇಲೆ ನಿಧಾನ. ಮಾತು ಅವನಿಗೆ ಬೇಕಾದಷ್ಟು. ‘ಆರು ಗಂಟೆಗೆ ಗಾಡಿ ತಂದು ನಿಲ್ಲಿಸ್ತೀನಿ ಕಣಯ್ಯ, ನೀನೇನೂ ಮಾತಾಡಬೇಕಾಗಿಲ್ಲ, ಮಲಗ್ಕೊಂಡು ಬಾ’ ಎಂದು ಮೊದಲೇ ಹೇಳಿಬಿಟ್ಟರೆ ಅವನಿಗೆ ಎಷ್ಟೋ ಹಗುರ.

ದಿನವೂ ಓಡಾಡಲಾಗದವರು ಆಸ್ಪತ್ರೆಯ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯುತ್ತಾರೆ. ಅವರಿಗೆ ಹೊದಿಕೆ, ಫ್ಲಾಸ್ಕು, ಬಕೆಟ್ಟು, ಮಗ್ಗುಗಳನ್ನು ಒಮ್ಮೆ ಒಟ್ಟಾಗಿ ತಲುಪಿಸಿ. ಶುಕ್ರವಾರ ಸಂಜೆ ಊರಿಗೆ ಕರೆತಂದು ಸೋಮವಾರ ಬೆಳಿಗ್ಗೆ ಬಿಟ್ಟುಬರುವ ಏರ್ಪಾಡು ಮಾಡಿ.

ಬಾಯಿಗೆ ಏನು ಹಿತ

ಊಟ ಒಯ್ಯುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಬೇಕು: ಬಾಯಲ್ಲಿ ತಿನ್ನುತ್ತಿದ್ದಾರೋ, ಮೂಗಿನ ನಳಿಕೆಯಲ್ಲಿ ಕೊಡುತ್ತಿದ್ದೀರೋ? ನಳಿಕೆಯಿದ್ದರೆ ಆಸ್ಪತ್ರೆಯವರು ಹೇಳಿಕೊಟ್ಟ ಆಹಾರವನ್ನಷ್ಟೇ ಕೊಡಬೇಕು. ನಮ್ಮ ಪಾತ್ರೆ ಅಲ್ಲಿಗೆ ಬೇಡ.

ಬಾಯಲ್ಲಿ ನುಂಗುವವನಾದರೆ ತೆಳ್ಳಗೆ ಕಾಸಿ ಸೋಸಿದ ರಾಗಿ ಗಂಜಿ, ಚೆನ್ನಾಗಿ ಕಿವುಚಿದ ಮೆತ್ತನೆ ಅನ್ನಕ್ಕೆ ಹಾಲೋ ಹುಳಿಯಿಲ್ಲದ ಮೊಸರೋ ಬೆರೆಸಿದ್ದು, ತುಪ್ಪ ಹಾಕಿದ ನುಣ್ಣನೆ ತೊವ್ವೆ, ತಿನ್ನುವವರಾದರೆ ಮೆದುವಾಗಿ ಬೇಯಿಸಿದ ಮೊಟ್ಟೆ ಹಿಡಿಸುತ್ತವೆ. ಖಾರ ಇರಲೇಬಾರದು, ಉಪ್ಪು ಕಡಿಮೆ. ಹುಳಿ, ಮೆಣಸಿನ ಸಾರು, ಟೊಮೆಟೊ, ನಿಂಬೆ, ಕಿತ್ತಳೆ, ಮೂಸಂಬಿ ಎಲ್ಲವೂ ಹುಣ್ಣನ್ನು ಕೆರಳಿಸುತ್ತವೆ. ಹುಳಿ ಬಂದ ಅಂಬಲಿಯೂ ಅಷ್ಟೇ. ಬಿಸಿಬಿಸಿ ಬೇಡ, ಉಗುರು ಬೆಚ್ಚಗಿರಲಿ. ಕಿಮೋಥೆರಪಿ ಪಡೆಯುವವರಿಗೆ ಸೋಂಕು ಬೇಗ ತಗಲುವುದರಿಂದ ಅಂದಿನದನ್ನು ಅಂದೇ ಮಾಡಿದ್ದಾಗಿರಬೇಕು. ಅರ್ಧ ಲೋಟ ಕುಡಿದು ಬಿಟ್ಟರೆ ‘ಇನ್ನೊಂದು ಗುಟುಕು’ ಎಂದು ಒತ್ತಾಯಿಸುವುದು ಬೇಡ. ಎಷ್ಟು ಹೋಗಬೇಕೆಂಬುದನ್ನು ತೂಕ ನೋಡಿ ಡಾಕ್ಟರು ಹೇಳುತ್ತಾರೆ.

ಇಲ್ಲಿ ಒಂದು ಚಿಕ್ಕ ಸಂಗತಿ. ಅಡಿಕೆ ಹಾಕುವವರಲ್ಲಿ ಅನೇಕರಿಗೆ ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ಪೂರ್ತಿ ತೆರೆಯುವುದೇ ಇಲ್ಲ. ಆಪರೇಷನ್ನಿನ ಬಿಗಿತವೂ ಸೇರಿದರೆ ನಮ್ಮ ಊಟದ ಚಮಚ ಒಳಗೇ ಹೋಗುವುದಿಲ್ಲ. ಲೋಹದ ಚಮಚ ಬಾಯಿಗೆ ಕಹಿಯೆನಿಸುವುದೂ ಉಂಟು. ಮಕ್ಕಳಿಗೆ ತಿನ್ನಿಸುವ ಚಿಕ್ಕ ಪ್ಲಾಸ್ಟಿಕ್ ಚಮಚ ಎರಡು, ಅತಿ ಮೆದುವಾದ ಹಲ್ಲುಜ್ಜುವ ಬ್ರಷ್ಷು ಒಂದು, ಇವಕ್ಕೆ ಆಗುವ ಖರ್ಚು ಮೂಸಂಬಿಗಿಂತ ಹೆಚ್ಚಲ್ಲ. ಪ್ರತಿ ಹೊತ್ತೂ ನೆನಪಾಗುವ ಉಡುಗೊರೆಗಳಿವು.

ಕತ್ತಿಗೆ ಹಳೆಯ, ಒಗೆದೊಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡುಗಳು ಬಲು ಹಿತ. ಹೊಸ ಬಟ್ಟೆಯ ಗಂಜಿ ಸುಲಿದ ಚರ್ಮಕ್ಕೆ ಒರಟು. ಕಾಲರಿಲ್ಲದ ಸಡಿಲ ಜುಬ್ಬ ಎರಡು ಹೊಲಿಸಿಕೊಟ್ಟರೆ ಆಸ್ಪತ್ರೆಗೆ ಹಾಕಿಕೊಂಡು ಹೋಗಬಹುದು. ಸುವಾಸನೆ ಎಣ್ಣೆ, ಪೌಡರು, ಮುಲಾಮು ಒಯ್ಯಬೇಡಿ. ಕರೆಂಟು ಕೊಟ್ಟ ಜಾಗಕ್ಕೆ ಡಾಕ್ಟರು ಹೇಳಿದ್ದನ್ನು ಬಿಟ್ಟು ಬೇರೇನೂ ಹಚ್ಚಬಾರದು.

ಮನೆಯಲ್ಲಿಲ್ಲದಿದ್ದರೆ ಒಂದು ಥರ್ಮಾಮೀಟರು ಕೊಡಿ. ಕಿಮೋಥೆರಪಿಯ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ‘ಅಂಥ ರಾತ್ರಿ ಬಂದರೆ ನನ್ನ ಗಾಡಿಗೆ ಫೋನು ಮಾಡಿ’ ಎಂದು ನಂಬರನ್ನು ಬರೆದುಕೊಟ್ಟು ಬನ್ನಿ. ನಿಮಗೇ ನೆಗಡಿ ಕೆಮ್ಮಿದ್ದರೆ ಮಾತ್ರ ಆ ವಾರ ಹೋಗದಿರುವುದೇ ಉಪಕಾರ.

ಗಿಡಮೂಲಿಕೆ ಪುಡಿ, ಕಷಾಯ, ಬೇರು, ಯಾರೋ ಗುಣವಾದರೆಂಬ ಔಷಧಿಯ ವಿಳಾಸ, ಇವು ಪ್ರೀತಿಯಿಂದಲೇ ಬರುತ್ತವೆ. ಆದರೆ ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಸಿಸ್ಪ್ಲಾಟಿನ್ ಎಂಬ ಔಷಧಿ ಮೂತ್ರಪಿಂಡಕ್ಕೆ ಭಾರ. ಅದರ ಮೇಲೆ ಏನಿದೆಯೆಂದು ತಿಳಿಯದ ಪುಡಿ ಬೀಳಬಾರದು. ತೆಗೆದುಕೊಂಡರೆ ಡಾಕ್ಟರ ಭಯ, ಬಿಟ್ಟರೆ ತಂದವರ ಮುನಿಸು. ಈ ಇಕ್ಕಟ್ಟನ್ನು ಗೆಳೆಯನಿಗೆ ತರುವುದು ಬೇಡ.

ನಗಿಸಲು ಹೋಗಬೇಡಿ

‘ಏನೂ ಆಗಲ್ಲ, ಧೈರ್ಯವಾಗಿರು’ ಎಂದು ನಾವೆಲ್ಲ ಹೇಳುತ್ತೇವೆ. ಹೇಳಿ ಅವನ ಮುಖ ನೋಡುತ್ತೇವೆ. ಆಗ ಅವನು ನಮ್ಮ ಸಮಾಧಾನಕ್ಕಾಗಿ ನಗಬೇಕು. ಹೊಲಿಗೆ ಹಾಕಿದ ಕೆನ್ನೆಯಲ್ಲಿ ನಗುವುದೇ ನೋವು. ಹತ್ತು ಜನ ಬಂದರೆ ಹತ್ತು ಸಲ ನಗಬೇಕು. ಇದಕ್ಕೆ ಬದಲಾಗಿ ‘ನೋವಿದೆಯಾ?’ ಎಂದು ಕೇಳಿ, ಅವನು ತಲೆಯಾಡಿಸಿದರೆ ‘ಹೌದಪ್ಪ, ಇರುತ್ತೆ’ ಎಂದು ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು. ಹೌದು, ಇಲ್ಲ ಎಂದು ತಲೆಯಾಡಿಸಿ ಹೇಳಬಹುದಾದಂಥ ಪ್ರಶ್ನೆಗಳನ್ನೇ ಕೇಳಿ. ಮಾತಾಡಲಾಗದ ದಿನಗಳಿಗೆ ಒಂದು ಸ್ಲೇಟು, ಬಳಪ ತೆಗೆದುಕೊಂಡು ಹೋಗಿ. ಫೋನಿನಲ್ಲಿ ಬರೆದು ಕಳಿಸುವುದಾದರೆ ಕೊನೆಗೆ ‘ಉತ್ತರ ಬೇಡ’ ಎಂದು ಸೇರಿಸಿ. ಧಾರಣೆ ಎಷ್ಟಾಯಿತು, ಕಾಫಿ ಹೂ ಹೇಗೆ ಕಚ್ಚಿತು, ಯಾರ ಬೋರು ಬತ್ತಿತು, ಇಂಥ ಮಾತು ಅವನನ್ನು ರೋಗಿಯಾಗಿ ಅಲ್ಲ, ಬೆಳೆಗಾರನಾಗಿ ಕಾಣುತ್ತದೆ.

ತಾಂಬೂಲ ಒಯ್ಯಬೇಡಿ, ಅವನೆದುರು ಹಾಕಿಕೊಂಡು ಕೂರಲೂ ಬೇಡಿ. ‘ಅಷ್ಟು ಅಡಿಕೆ ಹಾಕ್ತಿದ್ದೆಯಲ್ಲ’ ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಿ. ಅದು ಅವನಿಗೆ ಗೊತ್ತಿದೆ. ಇಷ್ಟು ವರ್ಷ ಅವನ ಜತೆ ಸಂಚಿ ಹಂಚಿಕೊಂಡವರು, ಹೇಳದೆ ಕೇಳದೆ, ತಾವೂ ಸಂಚಿ ಬಿಟ್ಟರೆ ಅದೊಂದು ಉಡುಗೊರೆ. ಚಿಕಿತ್ಸೆಯಾದ ಮೇಲೆ ಅವನು ಮತ್ತೆ ಜಗಲಿಗೆ ಬಂದಾಗ ಎದುರಿಗೆ ತಟ್ಟೆ ಇರುವುದಿಲ್ಲ. ಬಿಡುವ ಸಂದರ್ಭದಲ್ಲಿ ತಮ್ಮ ಬಾಯನ್ನೂ ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಲಿ. ಎರಡು ವಾರಕ್ಕೂ ಮಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ನಿಲ್ಲಿಸಿ ಇಡಲಾಗದಷ್ಟು ಬಾಯಿ ಚಿಕ್ಕದಾಗಿರುವುದು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸತಕ್ಕದ್ದು.

ಮನೆಯಾಕೆಗೆ, ತೋಟಕ್ಕೆ

ಬಂದವರಿಗೆ ಕಾಫಿ ಕೊಡದೆ ಕಳಿಸುವ ಮನೆ ನಮ್ಮಲ್ಲಿಲ್ಲ. ದಿನಕ್ಕೆ ಎಂಟು ಜನ ಬಂದರೆ ಎಂಟು ಸಲ ಒಲೆ, ಎಂಟು ಲೋಟ ತೊಳೆಯುವುದು. ನಡುವೆ ರೋಗಿಯ ಗಂಜಿ, ಮಾತ್ರೆ, ಬಾಯಿ ಮುಕ್ಕಳಿಸುವ ನೀರು. ಬೇಡವೆಂದರೆ ಆಕೆ ಕೇಳುವುದಿಲ್ಲ. ಆದ್ದರಿಂದ ಕಾಫಿ ಬೆಳೆಯುವ ನಾವೇ ಮನೆಯಿಂದ ಗಟ್ಟಿ ಡಿಕಾಕ್ಷನ್ ಇಳಿಸಿ ಒಂದು ಬಾಟಲಿಯಲ್ಲಿ ಒಯ್ಯೋಣ. ಅದು ಬಂದವರಿಗಲ್ಲ, ಆಕೆಗೆ. ಹಾಲು ಬೆರೆಸಿದರೆ ಆಯಿತು. ಕಾಲು ಗಂಟೆಗಿಂತ ಹೆಚ್ಚು ಕೂರುವುದು ಬೇಡ. ಊಟ ಒಯ್ದ ಪಾತ್ರೆಯನ್ನು ಬಿಟ್ಟುಬರಬೇಡಿ. ‘ಅತ್ತಿಗೆ, ನಿಮ್ಮ ಪಾತ್ರೆಗೆ ಬಗ್ಗಿಸ್ಕೊಳ್ಳಿ, ಇದನ್ನ ನಾನೇ ತಗೊಂಡು ಹೋಗ್ತೀನಿ’ ಎಂದರೆ ತೊಳೆದು ಹಿಂತಿರುಗಿಸುವ ಚಿಂತೆ ಅವರಿಗಿಲ್ಲ. ಮನೆಯ ಹೆಂಗಸರೊಬ್ಬರು ವಾರಕ್ಕೆರಡು ಮಧ್ಯಾಹ್ನ ಬಂದು ರೋಗಿಯ ಹತ್ತಿರ ಕೂತು ಆಕೆಯನ್ನು ಎರಡು ಗಂಟೆ ಮಲಗಿಸಿದರೆ ಇನ್ನೂ ಒಳ್ಳೆಯದು.

ಹಣ ಕೊಡುವುದಾದರೆ ಕವರಿನಲ್ಲಿಟ್ಟು, ಯಾರೂ ಇಲ್ಲದ ಹೊತ್ತು, ಮನೆಯ ಖರ್ಚು ನೋಡುವವರ ಕೈಗೆ ಕೊಡಿ. ನಮ್ಮಲ್ಲಿ ಮುಯ್ಯಿ ಎಂದರೆ ಹಿಂತಿರುಗಿಸಬೇಕಾದ ಲೆಕ್ಕ. ಮದುವೆಯ ಪುಸ್ತಕದಲ್ಲಿ ಬರೆದಿಟ್ಟು ತೀರಿಸುತ್ತೇವೆ. ‘ಇದನ್ನ ಮುಯ್ಯಿಗೆ ಬರೀಬೇಡಿ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರು ಬರೆದೇ ಬರೆಯುತ್ತಾರೆ, ಚಿಕಿತ್ಸೆಯ ಸಾಲದ ಜತೆಗೆ ಇದೂ ಒಂದು ಸಾಲವಾಗುತ್ತದೆ.

ಕೊನೆಯದಾಗಿ ತೋಟ. ಆರು ವಾರ ಯಜಮಾನ ಆಸ್ಪತ್ರೆಗೆ ಓಡಾಡಿದರೆ ಮೋಟಾರು ಹಾಕುವವರು ಯಾರು? ತ್ರೀ ಫೇಸ್ ಕರೆಂಟು ಬರುವುದು ಸರಿರಾತ್ರಿಗೂ ಇರಬಹುದು. ಬೇಸಿಗೆಯಲ್ಲಿ ಎರಡು ವಾರ ನೀರು ತಪ್ಪಿದರೆ ಅಡಿಕೆಯ ಎಳೆ ಕಾಯಿ ಉದುರುತ್ತದೆ, ಅದರ ಪೆಟ್ಟು ಮುಂದಿನ ಕೊಯ್ಲಿನ ಮೇಲೆ. ಹಾಸಿಗೆಯಲ್ಲಿರುವವನಿಗೆ ಹುಣ್ಣಿಗಿಂತ ಈ ಯೋಚನೆಯೇ ಹೆಚ್ಚಾಗಿ ನಿದ್ದೆ ಕೆಡಿಸುತ್ತದೆ. ಮುಯ್ಯಾಳಿನ ಪದ್ಧತಿ ನಮಗೆ ಹೊಸದಲ್ಲ. ಈ ಸಲ ಆಳಿಗೆ ಆಳು ಎಂದು ಎಣಿಸದೆ ಮಾಡೋಣ. ಮೊದಲ ವಾರದಲ್ಲೇ, ಅವನು ಇನ್ನೂ ಮಾತಾಡಬಲ್ಲ ಹೊತ್ತಿನಲ್ಲಿ, ಒಬ್ಬರು ಅವನ ಹತ್ತಿರ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ: ಯಾವ ವಾಲ್ವು ಯಾವ ದಿನ, ಡ್ರಿಪ್ಪಿನ ಫಿಲ್ಟರು ತೊಳೆಯುವುದು ಎಂದು, ಗೊನೆ ಇಳಿಸುವವರು ಯಾರು, ಯಾವ ವ್ಯಾಪಾರಿಗೆ ಕೊಡುವುದು. ಆಮೇಲೆ ದಿನಕ್ಕೊಂದು ಪ್ರಶ್ನೆ ಹಿಡಿದು ಹೋಗಬೇಡಿ. ವಾರಕ್ಕೊಮ್ಮೆ, ಶನಿವಾರ, ‘ನೀರು ಮೂರು ಸರದಿ ಆಯ್ತು, ಫಿಲ್ಟರ್ ತೊಳೆದೆವು, ಎಲ್ಲ ಸರಿಯಿದೆ’ ಎಂದು ಎರಡು ಮಾತು ಮುಟ್ಟಿಸಿ. ಹೇಳಿದ್ದಕ್ಕಿಂತ ಹೆಚ್ಚು ಮಾಡುವುದೂ ತಪ್ಪೇ. ನಮಗೆ ಸರಿ ಕಂಡಿತೆಂದು ಅವನ ಕಾಫಿ ಗಿಡಕ್ಕೆ ಕತ್ತರಿ ಹಾಕಬಾರದು, ಗೊಬ್ಬರ ಬದಲಿಸಬಾರದು. ತೋಟ ಅವನದೇ ಆಗಿ ಉಳಿಯಬೇಕು.

ಒಯ್ಯಬೇಕೆಂದಿರುವ ವಸ್ತುವನ್ನು ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ಆ ಮನೆಯಲ್ಲಿ ಯಾರಿಗಾದರೂ ಕೆಲಸ ಹೆಚ್ಚುತ್ತದೆಯೇ? ಇದಕ್ಕಾಗಿ ಅವನು ನಗಬೇಕೇ, ಮಾತಾಡಬೇಕೇ, ಹಿಂತಿರುಗಿಸಬೇಕೇ? ಈ ವಾರದ ಅವನ ಬಾಯಿಗೆ, ಕತ್ತಿಗೆ, ದಾರಿಗೆ ಇದು ಒದಗುತ್ತದೆಯೇ? ಮೊದಲ ಎರಡಕ್ಕೆ ಇಲ್ಲ, ಮೂರನೆಯದಕ್ಕೆ ಹೌದು ಎಂದಾದರೆ ಒಯ್ಯಿರಿ. ಇಲ್ಲವಾದರೆ ಅದನ್ನು ಅಂಗಡಿಯಲ್ಲೇ ಬಿಟ್ಟು, ಪಟ್ಟಿಯಲ್ಲಿ ಖಾಲಿಯಿರುವ ಒಂದು ದಿನಕ್ಕೆ ನಿಮ್ಮ ಹೆಸರು ಬರೆಸಿ.